ಹಿಮದಲ್ಲಿ ಇದ್ದಿಲು

ಚೀನೀ ಭಾಷೆ ಕಲಿಯಲು ಹೊರಟವರಿಗೆ ಲಿಪಿ ಒಂದು ಕಷ್ಟ, ಸ್ವರದ ಏರಿಳಿತ ಇನ್ನೊಂದು ಕಷ್ಟ. ಎರಡನ್ನೂ ದಾಟಿ ಮೂರು ನಾಲ್ಕು ವರ್ಷ ಸವೆಸಿದವರೂ ಎಡವುವ ಜಾಗವೆಂದರೆ ಛಂಗ್‌ಯೂ. ನಾಲ್ಕೇ ನಾಲ್ಕು ಅಕ್ಷರಗಳ ಸಿದ್ಧ ಮಾತುಗಳಿವು. ಚೀನೀಯಲ್ಲಿ ಒಂದು ಅಕ್ಷರವೆಂದರೆ ಒಂದು ಉಚ್ಚಾರ, ಹೆಚ್ಚುಕಮ್ಮಿ ಒಂದು ಪದ. ಹಾಗಾಗಿ ನಾಲ್ಕು ಸಲ ಬಾಯಿ ತೆರೆದು ಮುಚ್ಚುವಷ್ಟರಲ್ಲಿ ಒಂದು ಕಥೆಯೋ ಒಂದು ಉಪಮೆಯೋ ಮುಗಿದುಹೋಗಿರುತ್ತದೆ. ಇಂಥವು ಸಾವಿರಾರು ಇವೆ. ಶಾಲೆಯ ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪತ್ರಿಕೆಯವರು ತಲೆಬರಹಕ್ಕೆ ಹಾಕುತ್ತಾರೆ, ಕಾರ್ಖಾನೆಯ ಮ್ಯಾನೇಜರು ವರದಿಯಲ್ಲಿ ಸಾಲಾಗಿ ಜೋಡಿಸುತ್ತಾನೆ.

ನಾನು ಹೊಟ್ಟೆಪಾಡಿಗೆ ಚೀನೀಯಿಂದ ಇಂಗ್ಲಿಷಿಗೆ ಅನುವಾದ ಮಾಡುವವಳು. ಮನೆ ಬೈಯಪ್ಪನಹಳ್ಳಿಯಲ್ಲಿ. ಭಾನುವಾರ ಬೆಳಿಗ್ಗೆ ನಾಲ್ಕೈದು ಹುಡುಗ ಹುಡುಗಿಯರು ಚೀನೀ ಕಲಿಯಲು ಬರುತ್ತಾರೆ. ಛಂಗ್‌ಯೂ ಪಾಠ ಶುರು ಮಾಡಿದ ದಿನ ಅವರೆಲ್ಲರ ಬಾಯಲ್ಲಿ ಬರುವುದು ಒಂದೇ ಮಾತು: ‘ಓ, ಇದು ನಮ್ಮ ಗಾದೆ ಥರ.’ ಅಲ್ಲ ಎಂದು ಹೇಳಿ ಒಪ್ಪಿಸುವುದಕ್ಕೆ ನನಗೆ ಎರಡು ಭಾನುವಾರ ಬೇಕಾಗುತ್ತದೆ.

ಗಾದೆ ಎಂದರೆ ಪೂರ್ತಿ ವಾಕ್ಯ. ಅದಕ್ಕೆ ತನ್ನದೇ ಕರ್ತೃ, ಕ್ರಿಯಾಪದ ಇರುತ್ತವೆ. ಮಾತಿನ ನಡುವೆ ಗಾದೆ ಹೇಳುವವನು ಒಂದು ಕ್ಷಣ ನಿಂತು, ‘ಅದೇನೋ ಹೇಳ್ತಾರಲ್ಲ’ ಎಂದು ಪೀಠಿಕೆ ಹಾಕಿ, ಆಮೇಲೆ ಹೇಳುತ್ತಾನೆ. ಛಂಗ್‌ಯೂವಿಗೆ ಇಂಥ ಬಿಂಕ ಇಲ್ಲ. ಅದು ವಾಕ್ಯದೊಳಗೆ ಕೂರುವ ಇಟ್ಟಿಗೆ. ಒಮ್ಮೆ ಕ್ರಿಯಾಪದದ ಜಾಗದಲ್ಲಿ ಕೂರುತ್ತದೆ, ಒಮ್ಮೆ ವಿಶೇಷಣವಾಗಿ, ಒಮ್ಮೆ ಕ್ರಿಯಾವಿಶೇಷಣವಾಗಿ. ‘ಲ್ವಾನ್ ಛೀ ಬಾ ಜಾವ್’ ಎಂಬುದನ್ನೇ ನೋಡಿ. ಅಕ್ಷರ ಬಿಡಿಸಿದರೆ ‘ಗೊಂದಲ, ಏಳು, ಎಂಟು, ಕೊಳೆತದ್ದು’. ಚೀನಾದ ತಾಯಿ ಮಗನ ಕೋಣೆ ನೋಡಿ ದಿನಾ ಬೈಯುವ ಮಾತು ಇದು. ಅವಳ ತಲೆಯಲ್ಲಿ ಏಳೂ ಇಲ್ಲ, ಎಂಟೂ ಇಲ್ಲ. ಕನ್ನಡದಲ್ಲಿ ಇದಕ್ಕೆ ಸಮನಾದದ್ದು ಗಾದೆಯಲ್ಲ, ‘ಚೆಲ್ಲಾಪಿಲ್ಲಿ’. ಕೋಣೆ ಚೆಲ್ಲಾಪಿಲ್ಲಿಯಾಗಿದೆ, ಬಟ್ಟೆ ಚೆಲ್ಲಾಪಿಲ್ಲಿ ಎಸೆದಿದ್ದಾನೆ ಎಂದು ಎಲ್ಲಿ ಬೇಕಾದರೂ ಕೂರಿಸಬಹುದು. ಅಂಕುಡೊಂಕು, ತರಾತುರಿ, ಅಡ್ಡಾದಿಡ್ಡಿ, ಸಣ್ಣಪುಟ್ಟ, ಅಕ್ಕಪಕ್ಕ ಎಂಬ ನಮ್ಮ ಜೋಡುಪದಗಳ ಲಯವೂ ಚೀನೀಯ ನಾಲ್ಕಕ್ಷರದ ಲಯಕ್ಕೆ ಹತ್ತಿರ. ಎರಡು ಹೆಜ್ಜೆ, ಮತ್ತೆ ಎರಡು ಹೆಜ್ಜೆ. ಇಂಗ್ಲಿಷಿನಲ್ಲಿ ಈ ಸೌಲಭ್ಯ ಕಡಿಮೆ. ಅಲ್ಲಿ ಮುಕ್ಕಾಲು ಪಾಲು ಛಂಗ್‌ಯೂಗಳು ಒಂದೇ ಒಂದು ವಿಶೇಷಣವಾಗಿ ಕರಗಿಹೋಗುತ್ತವೆ.

ಎರಡನೆಯ ಭಾನುವಾರ ನಾನು ಕೇಳುವ ಪ್ರಶ್ನೆ: ಮಾತಿನೊಳಗಿನ ಚಿತ್ರ ಎಚ್ಚರವಾಗಿದೆಯೋ, ನಿದ್ದೆ ಮಾಡುತ್ತಿದೆಯೋ? ‘ಸುಮ್ನೆ ತಲೆ ತಿನ್ನಬೇಡ’ ಎಂದು ನಾವು ದಿನಕ್ಕೆ ಹತ್ತು ಸಲ ಹೇಳುತ್ತೇವೆ. ಯಾರೂ ಯಾರ ತಲೆಯನ್ನೂ ತಿನ್ನುವ ದೃಶ್ಯ ಕಣ್ಣಿಗೆ ಬರುವುದಿಲ್ಲ. ಯಾರೋ ಒಬ್ಬ ಪರದೇಶದ ಅನುವಾದಕ ಇದನ್ನು ಪದಕ್ಕೆ ಪದ ಹಾಕಿ ತನ್ನ ಭಾಷೆಗೆ ಒಯ್ದರೆ ನಾವು ನರಭಕ್ಷಕರಾಗಿಬಿಡುತ್ತೇವೆ. ಛಂಗ್‌ಯೂ ವಿಷಯದಲ್ಲಿ ಆಗುವುದು ಇದೇ. ಓದುಗರಿಗೆ ಚೀನಾದ ಸೊಗಡು ಸಿಗಲಿ ಎಂದು ಅನುವಾದಕರು ಚಿತ್ರವನ್ನು ಎಬ್ಬಿಸಿ ಕೂರಿಸುತ್ತಾರೆ. ಆಗ ಮೂಲದಲ್ಲಿ ಸಾಧಾರಣವಾಗಿ ಮಾತಾಡುತ್ತಿದ್ದ ಮನುಷ್ಯ ಅನುವಾದದಲ್ಲಿ ಗಡ್ಡ ನೀವಿಕೊಳ್ಳುತ್ತ ಒಗಟು ಹೇಳುವ ಮುದುಕನಾಗುತ್ತಾನೆ.

ಹಾಗೆಂದು ಎಲ್ಲ ಚಿತ್ರವನ್ನೂ ಒರೆಸಿಹಾಕಬೇಕು ಎಂದಲ್ಲ. ಕೆಲವು ಸಲ ನಮ್ಮಲ್ಲೇ ಅದೇ ಚಿತ್ರ ಇರುತ್ತದೆ. ಅಂಥ ಕಡೆ ಇನ್ನೂ ಹೆಚ್ಚು ಹುಷಾರಾಗಿರಬೇಕು.

‘ದ್ವೇ ನ್ಯೂ ಥಾನ್ ಛಿನ್’ ಎಂಬುದೊಂದು ಛಂಗ್‌ಯೂ. ದನದ ಎದುರು ಛಿನ್ ನುಡಿಸುವುದು ಎಂದು ಅರ್ಥ. ಛಿನ್ ಅಂದರೆ ಏಳು ತಂತಿಯ, ಮಡಿವಂತರ ವಾದ್ಯ. ಇದನ್ನು ಹೇಳಿದ ತಕ್ಷಣ ನನ್ನ ವಿದ್ಯಾರ್ಥಿಗಳೆಲ್ಲ ಒಟ್ಟಿಗೆ ಕೂಗುತ್ತಾರೆ: ‘ಕೋಣನ ಮುಂದೆ ಕಿನ್ನರಿ!’ ಅವರ ಖುಷಿ ನೋಡಬೇಕು. ಪ್ರಾಣಿ ಹೆಚ್ಚುಕಮ್ಮಿ ಅದೇ, ತಂತಿವಾದ್ಯವೂ ಇದೆ, ವ್ಯಂಗ್ಯವೂ ಅದೇ. ಇಂಗ್ಲಿಷಿನವರು ಇದಕ್ಕೆ ಹಂದಿಯ ಮುಂದೆ ಮುತ್ತು ಚೆಲ್ಲುವ ಬೈಬಲ್ಲಿನ ಮಾತನ್ನು ಹಾಕುತ್ತಾರೆ. ಅಲ್ಲಿ ಮುತ್ತಿನ ಬೆಲೆಯೂ ಹಂದಿಯ ಕೊಳಕೂ ಸೇರಿಕೊಂಡು ತಿರಸ್ಕಾರ ಜಾಸ್ತಿಯಾಗುತ್ತದೆ. ನಮ್ಮ ಕೋಣ ಪಾಪ, ಅಷ್ಟೇನೂ ಕೆಟ್ಟದ್ದಲ್ಲ. ಅದಕ್ಕೆ ತಿಳಿಯುವುದಿಲ್ಲ, ಅಷ್ಟೇ.

ಆದರೆ ಈ ಛಂಗ್‌ಯೂವಿನ ಹಿಂದಿನ ಕಥೆ ಬೇರೆಯೇ ಇದೆ. ಬೌದ್ಧಧರ್ಮ ಚೀನಾಕ್ಕೆ ಹೊಸದಾಗಿ ಬಂದಿದ್ದ ಕಾಲವನ್ನು ನೆನಪಿಸುವ ‘ಮೌಜ’ ಎಂಬ ಸಂವಾದ ಗ್ರಂಥದಲ್ಲಿ ಅದು ಬರುತ್ತದೆ. ಬುದ್ಧನ ಮಾರ್ಗವನ್ನು ಸಮರ್ಥಿಸುವ ಮೌಜನಿಗೆ ಎದುರಾಳಿ ಕೇಳುತ್ತಾನೆ: ನಿನಗೆ ಬೌದ್ಧ ಸೂತ್ರಗಳು ಗೊತ್ತಿವೆಯಲ್ಲ, ಮತ್ತೇಕೆ ಉತ್ತರ ಕೊಡುವಾಗ ನಮ್ಮ ಕನ್‌ಫ್ಯೂಷಿಯಸ್ ಪರಂಪರೆಯ ಗ್ರಂಥಗಳನ್ನೇ ಎತ್ತಿ ಹೇಳುತ್ತೀ? ಅದಕ್ಕೆ ಮೌಜ ಒಂದು ಕಥೆ ಹೇಳುತ್ತಾನೆ. ಗೊಂಗ್‌ಮಿಂಗ್ ಯೀ ಎಂಬ ವಾದಕ ದನದ ಎದುರು ಕೂತು ಬಹಳ ಶುದ್ಧವಾದ ಒಂದು ರಾಗ ನುಡಿಸಿದ. ದನ ತಲೆಯೆತ್ತದೆ ಮೇಯುತ್ತಲೇ ಇತ್ತು. ಅದಕ್ಕೆ ಕೇಳಿಸಲಿಲ್ಲ ಎಂದಲ್ಲ, ಅದರ ಕಿವಿಗೆ ಆ ನಾದ ಹೊಂದಲಿಲ್ಲ. ಆಮೇಲೆ ಅವನು ಅದೇ ತಂತಿಯ ಮೇಲೆ ಸೊಳ್ಳೆ, ನೊಣಗಳ ಗುಂಯ್‌ಗುಡುವಿಕೆಯನ್ನೂ ಒಂಟಿ ಕರುವಿನ ಕೂಗನ್ನೂ ಹೊರಡಿಸಿದ. ದನ ಬಾಲ ಬೀಸಿತು, ಕಿವಿ ನಿಮಿರಿಸಿತು, ಸಣ್ಣ ಹೆಜ್ಜೆಯಿಡುತ್ತ ಹತ್ತಿರ ಬಂದು ಕೇಳಿತು.

ಅಂದರೆ ಕಥೆಯಲ್ಲಿ ಪೆದ್ದ ದನವಲ್ಲ. ಕೇಳುವವರು ಯಾರೆಂದು ನೋಡದೆ ನುಡಿಸಿದವನದು ತಪ್ಪು, ರಾಗ ಬದಲಿಸಿದ್ದು ಅವನ ಜಾಣತನ. ಈಗಿನ ಚೀನೀಯಲ್ಲಿ ಹೆಚ್ಚಾಗಿ ಕೇಳುಗನನ್ನು ಗೇಲಿ ಮಾಡಲೆಂದೇ ಈ ಮಾತು ಬಳಸುತ್ತಾರೆ, ನಿಜ. ಆದರೆ ಆಡುವವನನ್ನೇ ಚುಚ್ಚುವ ಬಳಕೆಯೂ ಜೀವಂತವಾಗಿದೆ. ಹಳ್ಳಿಯ ರೈತರ ಮುಂದೆ ಅಂಕಿಸಂಖ್ಯೆಯ ಭಾಷಣ ಮಾಡಿದ ಅಧಿಕಾರಿಯ ಬಗ್ಗೆ, ‘ಇದು ದನದ ಎದುರು ಛಿನ್ ಆಯಿತಲ್ಲವೆ’ ಎಂದು ಸಂಪಾದಕೀಯ ಬರೆದರೆ ಬೈಗುಳ ಅಧಿಕಾರಿಗೆ. ಅಲ್ಲಿ ‘ಕೋಣನ ಮುಂದೆ ಕಿನ್ನರಿ’ ಎಂದು ಹಾಕಿಬಿಟ್ಟರೆ ಬೈಗುಳ ರೈತರಿಗೆ ತಗಲುತ್ತದೆ. ನಮ್ಮ ಕೋಣ ಹುಟ್ಟಾ ಮೂಢ, ಅದಕ್ಕೆ ಕಿವಿ ನಿಮಿರಿಸುವ ಎರಡನೆಯ ಅವಕಾಶವೇ ಇಲ್ಲ. ಅಂಥ ಕಡೆ ನಾನು ಕಿನ್ನರಿಯನ್ನು ಕೈಬಿಟ್ಟು, ‘ಯಾರ ಮುಂದೆ ಏನು ಮಾತಾಡಬೇಕು ಅನ್ನುವುದೇ ಅವರಿಗೆ ತಿಳಿಯಲಿಲ್ಲ’ ಎಂದು ಸರಳವಾಗಿ ಬರೆಯುತ್ತೇನೆ. ಚಿತ್ರ ಹೋಯಿತು, ಆದರೆ ಏಟು ಬೀಳಬೇಕಾದವನಿಗೇ ಬಿತ್ತು. ಯಾವ ಛಂಗ್‌ಯೂ ಕಂಡರೂ ಯಾರಿಗೆ ಹೊಗಳಿಕೆ, ಯಾರಿಗೆ ತೆಗಳಿಕೆ ಎಂದು ಮೊದಲು ಗುರುತು ಹಾಕಿಕೊಳ್ಳಬೇಕು. ಚಿತ್ರದ ಮಾತು ಆಮೇಲೆ.

ನಮ್ಮ ನಾಡಿನಿಂದಲೇ ಹೋಗಿ ಅಲ್ಲಿ ವೇಷ ಬದಲಿಸಿಕೊಂಡ ಛಂಗ್‌ಯೂಗಳೂ ಇವೆ. ಅವುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ‘ಥಾನ್ ಹ್ವಾ ಯೀ ಶ್ಯೆನ್’. ಥಾನ್ ಹೂವು ಒಮ್ಮೆ ಕಾಣಿಸುವುದು ಎಂದು ಅಕ್ಷರಾರ್ಥ. ಈ ‘ಥಾನ್’ ಚೀನೀ ಪದವೇ ಅಲ್ಲ. ಸಂಸ್ಕೃತದ ಉದುಂಬರವನ್ನು ಚೀನೀ ಅಕ್ಷರಗಳಲ್ಲಿ ಬರೆದು, ಆ ಉದ್ದದ ಹೆಸರಿನಿಂದ ಒಂದೇ ಒಂದು ಅಕ್ಷರವನ್ನು ಉಳಿಸಿಕೊಂಡಿದ್ದಾರೆ. ಉದುಂಬರ ಅಂದರೆ ನಮ್ಮ ಅತ್ತಿಮರ. ಅತ್ತಿಯ ಹೂವು ಕಾಯಿಯ ಒಳಗೇ ಅಡಗಿರುವುದರಿಂದ ಹೊರಗೆ ಯಾರಿಗೂ ಕಾಣುವುದಿಲ್ಲ. ಹಾಗಾಗಿ ಬೌದ್ಧ ಪರಂಪರೆಯಲ್ಲಿ ಅದು ಮೂರು ಸಾವಿರ ವರ್ಷಕ್ಕೊಮ್ಮೆ ಅರಳುವ ಹೂವಾಯಿತು. ಕುಮಾರಜೀವ 406ರಲ್ಲಿ ಚಾಂಗ್‌ಆನ್ ನಗರದಲ್ಲಿ ಸದ್ಧರ್ಮಪುಂಡರೀಕ ಸೂತ್ರವನ್ನು ಚೀನೀಗೆ ತಂದಾಗ ಈ ಉಪಮೆಯೂ ಅಲ್ಲಿಗೆ ಹೋಯಿತು. ಇಂಥ ಉಪದೇಶ ಸಿಗುವುದು ಅತ್ತಿಯ ಹೂ ಕಂಡಷ್ಟೇ ಅಪರೂಪ ಎಂಬುದು ಅಲ್ಲಿನ ಆಶಯ.

ಮುಂದೆ ಚೀನೀಯರ ಬಾಯಲ್ಲಿ ಅಪರೂಪ ಎಂಬ ಅರ್ಥ ಸವೆದು ‘ಬಂದಷ್ಟೇ ಬೇಗ ಮಾಯವಾದದ್ದು’ ಎಂಬ ಅರ್ಥ ಗಟ್ಟಿಯಾಯಿತು. ಇವತ್ತು ಒಂದು ಕಂಪನಿಯನ್ನೋ ಒಬ್ಬ ಹಾಡುಗಾರನನ್ನೋ ಥಾನ್ ಹ್ವಾ ಎಂದರೆ ಅದು ಹೊಗಳಿಕೆಯಲ್ಲ, ಮೂರು ದಿನ ಮಿಂಚಿ ಹೇಳಹೆಸರಿಲ್ಲದೆ ಹೋದ ಎಂದು. ಹೂವಿನ ಗುರುತೂ ಬದಲಾಯಿತು. ಈಗ ಚೀನಾದಲ್ಲಿ ಥಾನ್ ಹ್ವಾ ಎಂದರೆ ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಬಾಡುವ, ಮಧ್ಯ ಅಮೆರಿಕದ ಮೂಲದ ಒಂದು ಕಳ್ಳಿಗಿಡದ ಬಿಳಿ ಹೂವು. ಆ ಗಿಡ ನಿಮಗೂ ಗೊತ್ತು. ಬೆಂಗಳೂರಿನ ಅರ್ಧ ಮನೆಗಳ ಕುಂಡದಲ್ಲಿ ಇರುವ ಅದನ್ನು ನಾವು ಬ್ರಹ್ಮಕಮಲ ಎನ್ನುತ್ತೇವೆ. ಹಿಮಾಲಯದ ನಿಜವಾದ ಬ್ರಹ್ಮಕಮಲಕ್ಕೂ ಇದಕ್ಕೂ ಸಂಬಂಧವಿಲ್ಲ.

ಈ ವಿಚಾರ ನನಗೆ ಚೆನ್ನಾಗಿ ತಲೆಗೆ ಹೋದದ್ದು ಪಕ್ಕದ ಮನೆಯ ಅಕ್ಕನಿಂದ. ನಮ್ಮ ಕಡೆ ಬೀದಿಯ ಮಾತು ಕನ್ನಡ, ತಮಿಳು, ತೆಲುಗು ಎಲ್ಲ ಕಲಸಿದ್ದು. ಅಕ್ಕನ ಮನೆಮಾತು ತಮಿಳು. ಕೆಲಸದ ಒತ್ತಡದಲ್ಲಿ ನಾನು ತಿಂಗಳುಗಟ್ಟಲೆ ಅವರ ಮನೆಗೆ ಹೋಗದೆ ಒಮ್ಮೆ ಹೋದರೆ ಅವರು ಬಾಗಿಲಲ್ಲೇ ನಿಂತು, ‘ಬಾಮ್ಮಾ, ಅತ್ತಿ ಪೂತ್ತ ಮಾದಿರಿ ಬಂದಿದೀಯ’ ಎನ್ನುತ್ತಾರೆ. ಅತ್ತಿ ಹೂಬಿಟ್ಟ ಹಾಗೆ, ಅಂದರೆ ಅಪರೂಪಕ್ಕೆ. ಕುಮಾರಜೀವನ ಉಪಮೆಯಲ್ಲಿದ್ದ ಅರ್ಥ ಬೈಯಪ್ಪನಹಳ್ಳಿಯ ಒಂದು ಹೊಸ್ತಿಲಲ್ಲಿ ಹಾಗೇ ಉಳಿದಿದೆ. ಅದೇ ಅಕ್ಕ ಮಳೆಗಾಲದ ಒಂದು ರಾತ್ರಿ ಹತ್ತೂವರೆಗೆ ಫೋನು ಮಾಡಿ ಅಕ್ಕಪಕ್ಕದವರನ್ನೆಲ್ಲ ಕರೆಸಿ, ಕುಂಡದಲ್ಲಿ ಅರಳುತ್ತಿದ್ದ ಬ್ರಹ್ಮಕಮಲಕ್ಕೆ ಅರಿಸಿನ ಕುಂಕುಮ ಇಟ್ಟು ಆರತಿ ಎತ್ತಿದರು. ಆ ಹೂವು ಅವರಿಗೆ ಅದೃಷ್ಟ, ಮನೆಗೆ ಬಂದ ದೇವರು.

ಈಗ ಒಂದು ವಾಕ್ಯ ಅನುವಾದಿಸಿ ನೋಡೋಣ. ‘ಆ ಕಂಪನಿಯದು ಬರೀ ಥಾನ್ ಹ್ವಾ ಯೀ ಶ್ಯೆನ್.’ ಅತ್ತಿಯ ಹೂವು ಎಂದು ಹಾಕಿದರೆ ಪಕ್ಕದ ಮನೆಯ ಅಕ್ಕ ಅದನ್ನು ಅಪರೂಪದ ಕಂಪನಿ ಎಂದು ತಿಳಿಯುತ್ತಾರೆ. ಬ್ರಹ್ಮಕಮಲ ಎಂದರೆ ಆರತಿ ಎತ್ತುತ್ತಾರೆ. ‘ನೀರ ಮೇಲಿನ ಗುಳ್ಳೆ’ ಹತ್ತಿರ ಬರುತ್ತದೆ, ಆದರೆ ಅದಕ್ಕೆ ವೈರಾಗ್ಯದ ವಾಸನೆ ಅಂಟಿಕೊಂಡಿದೆ. ಕಂಪನಿಯೊಂದು ಬಾಗಿಲು ಹಾಕಿದ್ದಕ್ಕೆ ದಾಸರ ತಂಬೂರಿ ಯಾಕೆ? ಇಂಗ್ಲಿಷಿನಲ್ಲಿ ‘ಫ್ಲ್ಯಾಶ್ ಇನ್ ದ ಪ್ಯಾನ್’ ಎನ್ನುತ್ತಾರೆ. ಅದು ಹಳೆಯ ಕೋವಿಯ ಬಟ್ಟಲಲ್ಲಿ ಮದ್ದು ಭಗ್ಗೆಂದು ಗುಂಡು ಮಾತ್ರ ಹಾರದೇ ಇದ್ದದ್ದು. ತಿರಸ್ಕಾರದ ಧ್ವನಿ ಸರಿಹೊಂದುತ್ತದೆ. ಆದರೆ ಗುಂಡು ಹಾರಲೇ ಇಲ್ಲ, ಥಾನ್ ಹೂವು ಅರಳಿಯಂತೂ ಇತ್ತು. ಕನ್ನಡಕ್ಕೆ ನಾನು ‘ಆ ಕಂಪನಿಯದು ನಾಲ್ಕು ದಿನದ ಮೆರೆದಾಟ’ ಎಂದು ಬರೆಯುತ್ತೇನೆ. ಅರಳಿದ್ದೂ ಇದೆ, ಬಾಡಿದ್ದೂ ಇದೆ, ತಾತ್ಸಾರವೂ ಇದೆ, ಯಾರೂ ತಡವರಿಸದೆ ಓದಬಹುದು. ಒಂದೇ ಒಂದು ಒಳ್ಳೆಯ ಪುಸ್ತಕ ಬರೆದು ಎಳೆಯ ವಯಸ್ಸಿನಲ್ಲಿ ತೀರಿಕೊಂಡ ಕವಿಯ ಬಗ್ಗೆ ದುಃಖದಿಂದ ಇದೇ ಛಂಗ್‌ಯೂ ಬಳಸಿದ್ದರೆ ಮಾತ್ರ ಬ್ರಹ್ಮಕಮಲವನ್ನು ವಾಪಸ್ಸು ತರಬಹುದು. ನಾಲ್ಕಕ್ಷರ ಅವೇ, ಸುತ್ತಲಿನ ವಾಕ್ಯ ಬೇರೆಯಾದರೆ ಅನುವಾದವೂ ಬೇರೆಯಾಗುತ್ತದೆ. ಅದಕ್ಕೇ ನಾನು ಛಂಗ್‌ಯೂಗಳ ಪಟ್ಟಿ ಮಾಡಿ ಎದುರಿಗೆ ಕನ್ನಡ ಬರೆದುಕೊಡಿ ಎಂದು ಕೇಳುವ ವಿದ್ಯಾರ್ಥಿಗಳಿಗೆ ಪಟ್ಟಿ ಕೊಡುವುದಿಲ್ಲ.

ಕುಮಾರಜೀವನೇ ಅನುವಾದವನ್ನು ಕುರಿತು, ಬೇರೆಯವರಿಗೆ ಅನ್ನವನ್ನು ಅಗಿದು ಉಣಿಸಿದ ಹಾಗೆ, ರುಚಿ ಹೋಗುವುದಷ್ಟೇ ಅಲ್ಲ ವಾಕರಿಕೆಯೂ ಬರುತ್ತದೆ ಎಂದು ಹೇಳಿದ್ದಾಗಿ ದಾಖಲೆಯಿದೆ. ಅವನು ಹೇಳುತ್ತಿದ್ದುದು ಸಂಸ್ಕೃತದ ಛಂದಸ್ಸು ಚೀನೀಯಲ್ಲಿ ಕಳೆದುಹೋಗುವ ಬಗ್ಗೆ. ಅಷ್ಟಾಗಿಯೂ ಅವನು ಅಗಿಯುವುದನ್ನು ಬಿಡಲಿಲ್ಲ.

ಇಂಗ್ಲಿಷ್ ಕೆಲಸದಲ್ಲಿ ಬರುವ ತೊಂದರೆ ಇನ್ನೊಂದು ಬಗೆಯದು. ಅಲ್ಲಿ ಕಾವ್ಯ ಕಡಿಮೆ, ದುಡ್ಡು ಜಾಸ್ತಿ. ಒಮ್ಮೆ ಯಂತ್ರದ ಬಿಡಿಭಾಗಗಳ ಪರೀಕ್ಷಾ ವರದಿಯೊಂದು ಬಂತು. ಕೊನೆಯ ಸಾಲಿನಲ್ಲಿ ಫಲಿತಾಂಶ ‘ಛಾ ಛ್ಯಾಂಗ್ ರೆನ್ ಯೀ’ ಎಂದಿತ್ತು. ‘ಛಾ’ ಎಂಬ ಅಕ್ಷರಕ್ಕೆ ಈಗ ಕೊರತೆ, ಕಳಪೆ ಎಂಬ ಅರ್ಥಗಳು ಬಳಕೆಯಲ್ಲಿವೆ. ಹಾಗಾಗಿ ನೋಡಿದ ಕೂಡಲೇ ‘ಸಮಾಧಾನಕರವಾಗಿಲ್ಲ’ ಎಂದು ಅನ್ನಿಸುತ್ತದೆ. ನಿಘಂಟು ತೆಗೆದರೆ ಉಲ್ಟಾ. ಈ ಮಾತು ಹಾನ್ ವಂಶದ ಚಕ್ರವರ್ತಿ ಗ್ವಾಂಗ್‌ವೂನ ಕಾಲದ್ದು. ಯುದ್ಧ ಕೆಟ್ಟು ಉಳಿದ ಸೇನಾನಿಗಳೆಲ್ಲ ಕಂಗಾಲಾಗಿದ್ದಾಗ ವೂ ಹಾನ್ ಎಂಬವನೊಬ್ಬ ಆಯುಧಗಳನ್ನು ಸಜ್ಜು ಮಾಡಿಸುತ್ತಿದ್ದುದನ್ನು ಕೇಳಿ, ಇವನು ಮನಸ್ಸಿಗೆ ತಕ್ಕಮಟ್ಟಿಗೆ ಧೈರ್ಯ ತರುತ್ತಾನೆ ಎಂದು ಚಕ್ರವರ್ತಿ ಹೇಳಿದನಂತೆ. ಅಲ್ಲಿ ‘ಛಾ’ ಎಂದರೆ ‘ತಕ್ಕಮಟ್ಟಿಗೆ’. ಆದ್ದರಿಂದ ಸರಿಯಾದ ಅರ್ಥ ‘ಪರವಾಗಿಲ್ಲ, ನಡೆಯುತ್ತದೆ’.

ತೊಡಕು ಇಲ್ಲಿಗೇ ಮುಗಿಯುವುದಿಲ್ಲ. ಚೀನೀಯರಲ್ಲೇ ಬಹಳ ಮಂದಿ ಇದನ್ನು ‘ಸಾಲದು’ ಎಂಬ ಅರ್ಥದಲ್ಲಿ ಬರೆಯುತ್ತಾರೆ. ನಿಘಂಟು ಒಂದು ಹೇಳಿದರೆ ಬರೆದವನ ಮನಸ್ಸಿನಲ್ಲಿ ಇನ್ನೊಂದು ಇರಬಹುದು. ನನ್ನ ಅನುವಾದ ಓದಿ ಇಲ್ಲಿ ಯಾರೋ ಒಬ್ಬರು ಆ ಮಾಲನ್ನು ಇಳಿಸಿಕೊಳ್ಳುತ್ತಾರೆ ಅಥವಾ ವಾಪಸ್ಸು ಕಳಿಸುತ್ತಾರೆ. ಇಂಥ ಹೊತ್ತಿನಲ್ಲಿ ಭಾಷಾಜ್ಞಾನದಿಂದ ತೀರ್ಮಾನ ಮಾಡಕೂಡದು. ನಾನು ಮೇಲಿನ ಪುಟಗಳಿಗೆ ಹೋಗಿ ಅಳತೆಗಳನ್ನು ನೋಡಿದೆ. ಎಲ್ಲವೂ ಮಿತಿಯೊಳಗಿದ್ದವು, ಎರಡು ಮಾತ್ರ ಅಂಚಿಗೆ ತಾಗಿದ್ದವು. ಬರೆದವರಿಗೆ ಒಂದೇ ಸಾಲಿನ ಪ್ರಶ್ನೆ ಕಳಿಸಿದೆ: ಪಾಸೋ, ಫೇಲೋ? ಪಾಸು ಎಂದು ಉತ್ತರ ಬಂತು. ಇಂಗ್ಲಿಷಿನಲ್ಲಿ ‘ಮಿತಿಯೊಳಗೆ ಇದೆ, ಎರಡು ಅಳತೆಗಳು ಅಂಚಿನಲ್ಲಿವೆ’ ಎಂಬರ್ಥದ ಸಾಲು ಬರೆದೆ. ಛಂಗ್‌ಯೂ ಪೂರ್ತಿ ಮಾಯವಾಯಿತು. ಓದಿದ ಇಂಜಿನಿಯರಿಗೆ ಅಲ್ಲೊಂದು ಎರಡು ಸಾವಿರ ವರ್ಷದ ಯುದ್ಧಶಿಬಿರ ಇತ್ತೆಂದು ಗೊತ್ತಾಗಲೇ ಇಲ್ಲ, ಗೊತ್ತಾಗುವ ಅಗತ್ಯವೂ ಇರಲಿಲ್ಲ.

ಆದರೆ ಅಳತೆಯೂ ಇಲ್ಲದ, ಪಾಸು ಫೇಲೂ ಇಲ್ಲದ ಕೆಲಸವೊಂದು ನನಗೆ ನಮ್ಮ ಬೀದಿಯಲ್ಲೇ ಸಿಕ್ಕಿತು. ನಮ್ಮಿಂದ ನಾಲ್ಕು ಮನೆ ಆಚೆ ವಯಸ್ಸಾದ ದಂಪತಿ ಇದ್ದಾರೆ. ಯಜಮಾನರು ಎನ್‌ಜಿಇಎಫ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಆ ಕಾರ್ಖಾನೆ ಜರ್ಮನಿಯ ಎಇಜಿ ಕಂಪನಿಯ ಸಹಯೋಗದಲ್ಲಿ ನಡೆದದ್ದರಿಂದ ಪರದೇಶದವರ ಜೊತೆ ಒಡನಾಟ ಅವರಿಗೆ ಹೊಸದಲ್ಲ. ಅವರ ಮಹಡಿಯ ಮೇಲಿನ ರೂಮಿನಲ್ಲಿ ಚೀನಾದ ಹಾರ್ಬಿನ್‌ನಿಂದ ಬಂದ ಒಬ್ಬ ತರುಣ ಇಂಜಿನಿಯರ್ ಏಳೆಂಟು ತಿಂಗಳು ಬಾಡಿಗೆಗಿದ್ದ. ಅವನಿಗೆ ಕನ್ನಡ ಬಾರದು, ಇವರಿಗೆ ಚೀನೀ ಬಾರದು. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ. ನಡುವೆ ಅವನಿಗೆ ಡೆಂಗಿ ಬಂದಾಗ ಅಮ್ಮ ಹತ್ತು ದಿನ ಗಂಜಿ ಮಾಡಿ ಮಹಡಿ ಹತ್ತಿ ಕೊಟ್ಟು ಬಂದರು. ಊರಿಗೆ ವಾಪಸ್ಸು ಹೊರಟ ಹಿಂದಿನ ದಿನ ಅವನು ಒಂದು ಹಾಳೆಯ ತುಂಬ ಕೈಬರಹದ ಪತ್ರ ಬರೆದು ನನ್ನ ಹತ್ತಿರ ತಂದ. ಅದನ್ನು ಕನ್ನಡ ಮಾಡಿ ಅವರಿಗೆ ಓದಿ ಹೇಳಬೇಕು ಎಂದ.

ಪತ್ರದ ತುಂಬ ಛಂಗ್‌ಯೂ. ಚೀನಾದ ಶಾಲೆಯಲ್ಲಿ ಕೃತಜ್ಞತಾ ಪತ್ರ ಹೀಗೇ ಬರೆಯುವುದನ್ನು ಕಲಿಸುತ್ತಾರೆ. ಪದಕ್ಕೆ ಪದ ಹಾಕಿದರೆ ಹೀಗಾಗುತ್ತದೆ: ‘ಒಂದು ನೋಟಕ್ಕೇ ಹಳೆಯ ಗೆಳೆಯರಾದೆವು. ನಿಮ್ಮ ಆರೈಕೆ ತಲುಪದ ಸೂಕ್ಷ್ಮವೇ ಇಲ್ಲ. ನನಗೆ ಕಾಯಿಲೆಯಾದಾಗ ಹಿಮದಲ್ಲಿ ಇದ್ದಿಲು ಕಳಿಸಿದಿರಿ. ಹಲ್ಲು ಉದುರಿದರೂ ಮರೆಯಲಾರೆ. ಮುಂದಿನ ಭೇಟಿಗೆ ಕಾಲವಿದೆ.’ ಯಜಮಾನರು ಹಲ್ಲಿನ ಸೆಟ್ಟು ಹಾಕಿಕೊಂಡವರು. ಇದನ್ನು ಹೀಗೇ ಓದಿದರೆ, ‘ನಾವೆಲ್ಲಮ್ಮ ಅವನಿಗೆ ಇದ್ದಿಲು ಕೊಟ್ವಿ?’ ಎಂದು ಕೇಳದೆ ಬಿಡುತ್ತಿರಲಿಲ್ಲ.

ಒಂದೊಂದನ್ನೇ ತೆಗೆದುಕೊಂಡೆ. ‘ಯೀ ಜ್ಯೆನ್ ರೂ ಗೂ’. ಕನ್ನಡದಲ್ಲಿ ‘ಒಂದೇ ನೋಟಕ್ಕೆ’ ಎಂದರೆ ಸಿನಿಮಾದ ಪ್ರೇಮಕ್ಕೆ ಹೋಗುತ್ತದೆ. ‘ಬಂದ ದಿನವೇ ನೀವು ಬಹಳ ದಿನದ ಪರಿಚಯದವರ ಹಾಗೆ ಆಗಿಬಿಟ್ಟಿರಿ’ ಎಂದೆ. ‘ವೂ ವೇಯ್ ಬೂ ಜ’ ಎಂಬುದಕ್ಕೆ ಮೊದಲು ನೆನಪಾದದ್ದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವುದು. ಆದರೆ ಅದು ಕಾವಲಿನ ಮಾತು, ಮಮತೆಯದಲ್ಲ. ಇಲ್ಲಿ ಜೋಡುಪದ ಕೈಹಿಡಿಯಿತು: ‘ಸಣ್ಣಪುಟ್ಟದ್ದನ್ನೂ ಬಿಡದೆ ನೋಡಿಕೊಂಡಿರಿ.’

‘ಶ್ವೆ ಜೊಂಗ್ ಸೊಂಗ್ ಥಾನ್’, ಹಿಮದಲ್ಲಿ ಇದ್ದಿಲು ಕಳಿಸುವುದು. ಕೊರೆಯುವ ಚಳಿಯಲ್ಲಿ ಸಾಂಗ್ ವಂಶದ ಅರಸ ತೈಜೊಂಗ್ ರಾಜಧಾನಿಯ ದಿಕ್ಕಿಲ್ಲದವರಿಗೆ ಅಕ್ಕಿ, ಇದ್ದಿಲು ಹಂಚಿಸಿದ ಪ್ರಸಂಗದ ಜೊತೆ ಈ ಮಾತನ್ನು ಹೇಳುವುದುಂಟು. ಕೊಟ್ಟದ್ದರ ಬೆಲೆ ದೊಡ್ಡದಲ್ಲ, ಕೊಟ್ಟ ಹೊತ್ತು ದೊಡ್ಡದು ಎಂಬುದು ಇದರ ತಿರುಳು. ಹುಡುಗ ಹಾರ್ಬಿನ್‌ನವನು, ಹಿಮ ಎಂದರೇನೆಂದು ಮೈಯಲ್ಲಿ ಬಲ್ಲವನು. ಚಿತ್ರ ಎಚ್ಚರವಾಗಿರಬಹುದೇ ಎಂಬ ಅನುಮಾನ ಬಂದು ಅವನನ್ನೇ ಕೇಳಿದೆ: ನಿಮ್ಮೂರಿನ ಹಿಮ ನೆನಪಾಗಿ ಬರೆದೆಯಾ? ಅವನು ನಕ್ಕ. ‘ಇಲ್ಲಕ್ಕ, ಎಲ್ಲರೂ ಹಾಗೇ ಬರೆಯುತ್ತಾರಲ್ಲ’ ಎಂದ. ಸರಿ, ಹಿಮ ಬೇಡ. ಕನ್ನಡದಲ್ಲಿ ಇದಕ್ಕೆ ಗಾದೆಯೇ ಇದೆ: ಆಪತ್ತಿಗಾದವನೇ ನೆಂಟ. ಆದರೆ ಪೂರ್ತಿ ಗಾದೆ ಹಾಕಿದರೆ ಹುಡುಗ ಹಿರಿಯರಿಗೆ ಉಪದೇಶ ಮಾಡಿದ ಹಾಗಾಗುತ್ತದೆ. ಗಾದೆಯ ಮೊದಲ ತುಂಡನ್ನು ಮಾತ್ರ ಕತ್ತರಿಸಿಕೊಂಡೆ: ‘ಜ್ವರ ಬಂದು ಮಲಗಿದ್ದಾಗ ನನ್ನ ಆಪತ್ತಿಗಾದಿರಿ.’ ‘ನೆಂಟ’ ಎಂಬುದನ್ನು ಅವರೇ ತುಂಬಿಕೊಳ್ಳಲಿ.

‘ಮೋ ಛ ನಾನ್ ವಾಂಗ್’ ಎಂಬುದರಲ್ಲಿ ಹಲ್ಲು ಬರುವುದು ಆಯುಸ್ಸಿನ ಲೆಕ್ಕಕ್ಕೆ. ಬದುಕಿರುವವರೆಗೂ ಎಂದು ತಾತ್ಪರ್ಯ. ಸಾಯುವತನಕ ಎಂದು ಹೊರಡುವ ಹೊತ್ತಿನಲ್ಲಿ ಬಾಯಿಬಿಟ್ಟು ಹೇಳುವುದು ನಮ್ಮಲ್ಲಿ ಸರಿಯಲ್ಲ. ‘ಈ ಜನ್ಮದಲ್ಲಿ ಮರೆಯೋದಿಲ್ಲ’ ಎಂದೆ. ಅದು ನಮ್ಮ ಜನ ದಿನಾ ಆಡುವ ಮಾತು, ಹುಡುಗನ ಬಾಯಲ್ಲೂ ಅದು ದಿನಾ ಆಡುವ ಮಾತೇ. ಕೆಳಗೆ ಒಂದು ಟಿಪ್ಪಣಿ ಬರೆದು ಹಿಮ, ಹಲ್ಲುಗಳ ಕಥೆ ಹೇಳೋಣವೇ ಎನ್ನಿಸಿತು. ಅದಕ್ಕೂ ಒಂದು ಛಂಗ್‌ಯೂ ಇದೆ. ಹಾವಿನ ಚಿತ್ರ ಬರೆಯುವ ಪಂದ್ಯದಲ್ಲಿ ಎಲ್ಲರಿಗಿಂತ ಮೊದಲು ಮುಗಿಸಿದವನು, ಸಮಯ ಉಳಿಯಿತಲ್ಲ ಎಂದು ಹಾವಿಗೆ ಕಾಲು ಬರೆಯಲು ಹೋಗಿ ಬಹುಮಾನದ ಹೆಂಡ ಕಳೆದುಕೊಂಡ. ಟಿಪ್ಪಣಿ ಬರೆಯಲಿಲ್ಲ.

ಉಳಿದದ್ದು ‘ಹೌ ಹ್ವೇ ಯೌ ಛೀ’. ಮುಂದೆ ಎಂದಾದರೂ ಭೇಟಿಯಾಗುತ್ತೇವೆ ಎಂಬ ವಿದಾಯದ ಮಾತು. ದಿನಾಂಕ ಕೊಡುವುದಿಲ್ಲ, ಬರುವುದೇ ಇಲ್ಲ ಎಂದೂ ಹೇಳುವುದಿಲ್ಲ. ಇಂಗ್ಲಿಷಿಗಾದರೆ ನಾಲ್ಕು ಥರ ಬರೆದು ನಾಲ್ಕನ್ನೂ ಹೊಡೆದುಹಾಕುತ್ತಿದ್ದೆ. ಕನ್ನಡದಲ್ಲಿ ಮನೆಯಿಂದ ಹೊರಡುವವರು ‘ಹೋಗ್ತೀನಿ’ ಎಂದು ಹೇಳುವುದೇ ಇಲ್ಲ. ಆ ಸಾಲಿಗೆ ನಾನು ಎರಡೇ ಪದ ಬರೆದೆ: ‘ಹೋಗಿ ಬರ್ತೀನಿ.’

ಅವತ್ತು ಸಂಜೆ ಅವರ ಮನೆಯ ಹಜಾರದಲ್ಲಿ ಕೂತು ಪತ್ರ ಓದಿದೆ. ಹುಡುಗ ಏನೂ ತಿಳಿಯದೆ ನನ್ನ ಬಾಯಿ, ಅವರ ಮುಖ ನೋಡುತ್ತ ನಿಂತಿದ್ದ. ‘ಆಪತ್ತಿಗಾದಿರಿ’ ಎಂಬಲ್ಲಿ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ‘ಅಯ್ಯೋ, ಗಂಜಿ ಕಾಯಿಸಿದ್ದು ಯಾವ ದೊಡ್ಡ ವಿಷಯ’ ಎಂದರು. ನಾನು ಅದನ್ನು ಚೀನೀಯಲ್ಲಿ ಹುಡುಗನಿಗೆ ಹೇಳಿದೆ. ಛಂಗ್‌ಯೂ ಯಾವುದ��ನ್ನೂ ಹುಡುಕಲಿಲ್ಲ, ಗಂಜಿಯನ್ನು ಗಂಜಿ ಎಂದೇ ಹೇಳಿದೆ. ಕೊನೆಯ ಸಾಲು ಮುಗಿದಾಗ ಯಜಮಾನರು ಎದ್ದು ಅವನ ಭುಜ ತಟ್ಟಿ, ‘ಹೋಗಿ ಬಾರಪ್ಪ’ ಎಂದರು. ಅದನ್ನು ಅನುವಾದ ಮಾಡು ಎಂದು ಅವನು ಕೇಳಲಿಲ್ಲ.